ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು: ಯಾವ ಕೌಂಟರಿಗೆ ಹೋಗಬೇಕು?

ನಮ್ಮ ತೀರ್ಥಹಳ್ಳಿ ಚಿಕ್ಕಮ್ಮ ನ್ಯೂಜೆರ್ಸಿಯ ಮಗನ ಮನೆಯಿಂದ ವಾಪಸ್ ಹೊರಟ ದಿನದ ಕಥೆ ಇದು. ಟಿಕೆಟ್ ಮೇಲೆ ದೊಡ್ಡದಾಗಿ ಯುನೈಟೆಡ್ ಅಂತ ಇತ್ತು. ನೆವಾರ್ಕ್ ನಿಲ್ದಾಣದಲ್ಲಿ ಯುನೈಟೆಡ್ ಅಂದರೆ ಟರ್ಮಿನಲ್ ಸಿ ಅನ್ನುವುದು ಅವನಿಗೆ ರೂಢಿ. ಅಲ್ಲೇ ಇಳಿಸಿ ಆಫೀಸಿಗೆ ಹೋದ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಹುಡುಗಿ ಟಿಕೆಟ್ ನೋಡಿ, ‘ನಿಮ್ಮ ವಿಮಾನ ಲುಫ್ತಾನ್ಸಾದ್ದು, ಟರ್ಮಿನಲ್ ಬಿಗೆ ಹೋಗಿ’ ಅಂದಳು. ಎರಡು ಸೂಟ್‌ಕೇಸ್, ಮಂಡಿನೋವು, ಬಾರದ ಇಂಗ್ಲಿಷ್. ಟರ್ಮಿನಲ್‌ಗಳ ನಡುವೆ ಓಡಾಡುವ ಪುಟ್ಟ ರೈಲು ಹತ್ತಿ ಅವರು ಬಿ ತಲುಪಿದಾಗ ಚೆಕ್-ಇನ್ ಮುಚ್ಚಲು ಹತ್ತೇ ನಿಮಿಷ ಬಾಕಿ.

ಇದಕ್ಕೆ ಕೋಡ್‌ಶೇರ್ ಅಂತಾರೆ. ನಮ್ಮ ಖಾಸಗಿ ಬಸ್ಸಿನವರು ಒಬ್ಬರ ಆಫೀಸಿನಲ್ಲಿ ಸೀಟು ಕೊಟ್ಟು ಇನ್ನೊಬ್ಬರ ಬಸ್ಸಿಗೆ ಹತ್ತಿಸುತ್ತಾರಲ್ಲ, ಹಾಗೇ. ಬಸ್ಸಿನವರು ಕೊನೇ ಗಳಿಗೆಯಲ್ಲಿ ಹೇಳುತ್ತಾರೆ, ವಿಮಾನದವರು ಮೊದಲೇ ಹೇಳಿರುತ್ತಾರೆ. ಆದರೆ ಸಣ್ಣ ಅಕ್ಷರದಲ್ಲಿ. ಎಲ್ಲರೂ ಎಡವುವುದು ಆ ಸಣ್ಣ ಅಕ್ಷರದಲ್ಲೇ. ಅದನ್ನೇ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಪೂರ್ತಿ ಟಿಕೆಟ್ ತರಿಸಿಕೊಳ್ಳಿ. ಮಕ್ಕಳು ವಾಟ್ಸಾಪಿನಲ್ಲಿ ಕಳಿಸುವ ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ ಲೋಗೊ, ಹೊತ್ತು, ಊರು ಇರುತ್ತದೆ, ನಮಗೆ ಬೇಕಾದ ಸಾಲೇ ಕತ್ತರಿಸಿ ಹೋಗಿರುತ್ತದೆ. ಅಗ್ಗದ ಟಿಕೆಟ್ ಹುಡುಕಿಕೊಡುವ ಕೆಲವು ಆ್ಯಪ್‌ಗಳಂತೂ ಆ ಸಾಲನ್ನು ತಿಳಿಬೂದು ಬಣ್ಣದಲ್ಲಿ ಹಾಕುತ್ತವೆ. ಅರವತ್ತು ದಾಟಿದ ಕಣ್ಣಿಗೆ ಅದು ಇಲ್ಲದಿದ್ದ ಹಾಗೇ. ಪಿಡಿಎಫ್ ತರಿಸಿ, ಕಾಗದದ ಮೇಲೆ ಮುದ್ರಿಸಿಕೊಳ್ಳಿ.

ಈಗ ಒಂದು ಕೆಂಪು ಪೆನ್ನು ತೆಗೆದುಕೊಂಡು ‘Operated by’ ಎಂಬ ಸಾಲನ್ನು ಹುಡುಕಿ. ಅದರ ಮುಂದೆ ಯಾರ ಹೆಸರಿದೆಯೋ ಅವರದ್ದೇ ವಿಮಾನ, ಅವರದ್ದೇ ಕೌಂಟರ್, ಅವರದ್ದೇ ಟರ್ಮಿನಲ್. ಒಂದು ಸಲ ನೋಡಿ ಬಿಡಬೇಡಿ. ಪ್ರತಿ ಹಾರಾಟಕ್ಕೂ ಬೇರೆ ಬೇರೆ ನೋಡಬೇಕು. ಚಿಕ್ಕಮ್ಮನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ನಾಲ್ಕು ಹಾರಾಟ, ನಾಲ್ಕರ ಸಂಖ್ಯೆಯೂ UA ಅಂತ ಶುರು, ಅಂದರೆ ಮಾರಿದ್ದು ಯುನೈಟೆಡ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹಾರಿಸಿದ್ದು ಲುಫ್ತಾನ್ಸಾ. ಅಲ್ಲಿಂದ ನೆವಾರ್ಕ್‌ಗೆ ನಿಜಕ್ಕೂ ಯುನೈಟೆಡ್. ಬರುವಾಗ ಎರಡೂ ಲುಫ್ತಾನ್ಸಾ. ಹೋಗುವಾಗ ಇಳಿದದ್ದು ಯುನೈಟೆಡ್ ವಿಮಾನದಿಂದ, ಹಾಗಾಗಿ ಬರುವಾಗಲೂ ಅದೇ ಅಂದುಕೊಂಡ ಮಗ. ನೆವಾರ್ಕ್‌ನಿಂದ ಫ್ರಾಂಕ್‌ಫರ್ಟ್‌ಗೆ ಇಬ್ಬರ ವಿಮಾನವೂ ಇದೆ. ಎರಡಕ್ಕೂ UA ಸಂಖ್ಯೆ ಇರಬಹುದು, ಟರ್ಮಿನಲ್ ಮಾತ್ರ ಬೇರೆ.

ಹೆಸರು ಸಿಕ್ಕಿದ ಮೇಲೆ ಆ ಕಂಪನಿ ಅದೇ ವಿಮಾನಕ್ಕೆ ಇಟ್ಟ ಸ್ವಂತ ಸಂಖ್ಯೆ ಹುಡುಕಿ. ಬೆಂಗಳೂರು–ಫ್ರಾಂಕ್‌ಫರ್ಟ್ ಲುಫ್ತಾನ್ಸಾ ವಿಮಾನ ಅವರ ಲೆಕ್ಕದಲ್ಲಿ LH 755. ಊರು, ದಿನ, ಹೊರಡುವ ಹೊತ್ತು ಮೂರೂ ತಾಳೆಯಾದರೆ ಅದೇ ನಿಮ್ಮ ವಿಮಾನ. ಇದನ್ನು ಟಿಕೆಟ್ ಮೇಲೆ ದಪ್ಪಗೆ ಬರೆದಿಡಿ. ನಿಲ್ದಾಣದ ಬೋರ್ಡಿನಲ್ಲಿ ಒಂದೇ ವಿಮಾನದ ಮೂರ್ನಾಲ್ಕು ಸಂಖ್ಯೆಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ನಿಮ್ಮ UA ಸಂಖ್ಯೆ ಬರುವ ತನಕ ಕತ್ತೆತ್ತಿ ಕಾಯುವ ಬದಲು LH ಸಂಖ್ಯೆ ನೋಡಿ ನಡೆದುಬಿಡಿ. ಬೆಂಗಳೂರಿನಲ್ಲಿ ಯುನೈಟೆಡ್ ಕೌಂಟರ್ ಹುಡುಕಿದರೆ ಸಿಗುವುದೂ ಇಲ್ಲ, ಅವರ ವಿಮಾನ ಇಲ್ಲಿಗೆ ಬರುವುದಿಲ್ಲ.

ಈ ನಿಯಮಕ್ಕೆ ಒಂದು ಅಪವಾದ ಇದೆ. ಅಮೆರಿಕದ ಒಳಗಿನ ಸಣ್ಣ ಹಾರಾಟದಲ್ಲಿ ‘Operated by SkyWest dba United Express’ ಅಂತ ಇದ್ದರೆ ಸ್ಕೈವೆಸ್ಟ್ ಕೌಂಟರ್ ಹುಡುಕಬೇಡಿ. ಅವರು ಯುನೈಟೆಡ್ ಹೆಸರಿನಲ್ಲೇ ಹಾರಿಸುವವರು, ಹೋಗಬೇಕಾದ್ದು ಯುನೈಟೆಡ್‌ಗೇ. dba ಕಂಡರೆ ಅದರ ನಂತರದ ಹೆಸರು ಲೆಕ್ಕಕ್ಕೆ, ಮೊದಲಿನದ್ದಲ್ಲ.

ಮುಂದಿನದು ಪಿಎನ್ಆರ್. ಇದರಲ್ಲೂ ಒಂದು ತಕರಾರಿದೆ. ಮಾರಿದವರದ್ದು ಒಂದು, ಹಾರಿಸುವವರದ್ದು ಇನ್ನೊಂದು, ಎರಡೂ ಆರಾರು ಅಕ್ಷರ. ಯುನೈಟೆಡ್‌ನ ಪಿಎನ್ಆರ್ ಹಾಕಿ ಲುಫ್ತಾನ್ಸಾದಲ್ಲಿ ಹುಡುಕಿ, ‘ಬುಕಿಂಗೇ ಇಲ್ಲ ಅಂತಿದೆ’ ಅಂತ ಗಾಬರಿಯಾಗಿ ನನಗೆ ಫೋನ್ ಮಾಡಿದವರು ಇದ್ದಾರೆ. ಟಿಕೆಟ್ ಎಲ್ಲೂ ಹೋಗಿರುವುದಿಲ್ಲ. ಮಾರಿದವರಿಗೆ ಫೋನ್ ಮಾಡಿ ‘ಹಾರಿಸುವ ಕಂಪನಿಯ ಪಿಎನ್ಆರ್ ಕೊಡಿ’ ಅಂದರೆ ಕೊಡುತ್ತಾರೆ. ಅದು ಕೈಗೆ ಬಂದರೆ ಸೀಟು, ಊಟ, ವೀಲ್‌ಚೇರ್ ಎಲ್ಲ ನೋಡಬಹುದು. ವೀಲ್‌ಚೇರ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮಾರಿದವರ ಹತ್ತಿರ ಹೇಳಿದ್ದು ಹಾರಿಸುವವರಿಗೆ ತಲುಪಿದೆಯಾ ಅಂತ ಎರಡು ದಿನ ಮೊದಲೇ ಹಾರಿಸುವವರನ್ನೇ ಕೇಳಿ. ಸಸ್ಯಾಹಾರದ ಊಟಕ್ಕೂ ಇದೇ ಮಾತು.

ದಿನಾಂಕ ಬದಲಾವಣೆ, ಹಣ ವಾಪಸ್ ಮಾತ್ರ ಮಾರಿದವರ ಕೆಲಸ. ಯಾರು ಮಾರಿದ್ದು ಅನ್ನುವ ಅನುಮಾನ ಇದ್ದರೆ 13 ಅಂಕಿಯ ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ನೋಡಿ. 016 ಅಂದರೆ ಯುನೈಟೆಡ್, 220 ಲುಫ್ತಾನ್ಸಾ, 098 ಏರ್ ಇಂಡಿಯಾ.

ಲಗೇಜ್ ಎಷ್ಟು ಅಂತ ನೆರೆಮನೆಯವರನ್ನು ಕೇಳಬೇಡಿ, ಟಿಕೆಟ್ ಮೇಲೆ ‘1PC’ ಅಥವಾ ‘2PC’ ಅಂತ ಬರೆದಿರುತ್ತದೆ. ಅಷ್ಟೇ ಪೆಟ್ಟಿಗೆ.

ಇನ್ನು ಬೆಂಗಳೂರಿಗೆ ಹೋಗುವ ದಾರಿ. 2023ರ ಸೆಪ್ಟೆಂಬರ್‌ನಿಂದ ಕೆಂಪೇಗೌಡ ನಿಲ್ದಾಣದ ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ಡ್ರೈವರಿಗೆ ಕಾರು ಹತ್ತುವಾಗಲೇ ಹೇಳಿ. ಬಾಗಿಲಲ್ಲಿ ಸಿಐಎಸ್ಎಫ್‌ನವರು ಟಿಕೆಟ್ ನೋಡಿಯೇ ಒಳಗೆ ಬಿಡುವುದು, ತಪ್ಪು ಟರ್ಮಿನಲ್ಲಿಗೆ ಹೋದರೆ ಅಲ್ಲಿಂದಲೇ ವಾಪಸ್.

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದಲೇ ಹಾರಿ ಹೋಗೋಣ ಅನ್ನುವ ಆಸೆ ಎಲ್ಲರಿಗೂ ಇದೆ. ಆ ಟಿಕೆಟ್ ಬೇರೆಯಾಗಿ ಕೊಂಡಿದ್ದರೆ ಎರಡೂ ಪ್ರಯಾಣಕ್ಕೆ ಸಂಬಂಧವೇ ಇಲ್ಲ. ಬೆಂಗಳೂರಿನಲ್ಲಿ ಸೂಟ್‌ಕೇಸ್ ಬಿಡಿಸಿಕೊಂಡು, ಹೊರಗೆ ಬಂದು, ಟರ್ಮಿನಲ್ 1ರಲ್ಲಿ ಇಳಿದಿದ್ದರೆ ಬಸ್ಸಿನಲ್ಲಿ 2ಕ್ಕೆ ಹೋಗಿ ಮತ್ತೆ ಚೆಕ್-ಇನ್ ಮಾಡಬೇಕು. ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಲಗೇಜ್. ಅಮೆರಿಕಕ್ಕೆ ಒಯ್ಯುವ ಒಂದು ಪೆಟ್ಟಿಗೆಯೇ 23 ಕೆ.ಜಿ. ಮಳೆಗಾಲದಲ್ಲಿ ಮೋಡ ಕವಿದು ಸೋಗಾನೆಯ ವಿಮಾನ ರದ್ದಾದರೆ ಫ್ರಾಂಕ್‌ಫರ್ಟ್ ವಿಮಾನ ನಿಮಗಾಗಿ ಕಾಯುವುದಿಲ್ಲ. ನನ್ನನ್ನು ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮ್ನೆ ರೈಲು ಅಥವಾ ಕಾರು.

ಟರ್ಮಿನಲ್ 2ರ ಒಳಗೆ ಹೋದ ಮೇಲೆ ಮೊದಲ ಹಾರಾಟ ಯಾರದ್ದೋ ಅವರ ಕೌಂಟರಿಗೆ ಹೋಗಿ. ಎಲ್ಲ ಒಂದೇ ಟಿಕೆಟ್ಟಿನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ವಿಮಾನದ ಬೋರ್ಡಿಂಗ್ ಪಾಸನ್ನೂ ಅವರೇ ಕೊಡುತ್ತಾರೆ. ಸೂಟ್‌ಕೇಸಿಗೆ ಕಟ್ಟುವ ಪಟ್ಟಿಯಲ್ಲಿ ಕೊನೆಯ ಊರಿನ ಮೂರಕ್ಷರ, ನೆವಾರ್ಕ್ ಆದರೆ EWR, ಇದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡಿ. FRA ಮಾತ್ರ ಇದ್ದರೆ ಅಲ್ಲೇ ಕೇಳಿ, ಪೆಟ್ಟಿಗೆ ಬೆಲ್ಟ್ ಮೇಲೆ ಮುಂದೆ ಹೋಗುವ ಮೊದಲು.