ತುರಿಕೆಗೆ ಟ್ಯೂಬ್ ಹಚ್ಚುವ ಮೊದಲು ಅದರ ಹಿಂಬದಿ ಓದುವುದು ಹೇಗೆ?

ಬೇಸಿಗೆ ಬಂತೆಂದರೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮೆಲುದನಿಯ ಒಂದು ಮಾತು ಕೇಳಿಸುತ್ತಿರುತ್ತದೆ: ‘ಅಣ್ಣಾ, ತುರಿಕೆಗೊಂದು ಆಯಿಂಟ್‌ಮೆಂಟ್ ಕೊಡಿ.’ ಎಲ್ಲಿ ತುರಿಕೆ ಎಂದು ಅಂಗಡಿಯವರು ಕೇಳುವುದಿಲ್ಲ, ಬಂದವರು ಹೇಳುವುದಿಲ್ಲ. ಹೇಳಿಕೊಳ್ಳುವಂಥ ಜಾಗವೂ ಅದಲ್ಲ. 15 ಗ್ರಾಮಿನ ಟ್ಯೂಬೊಂದು ಕೈಗೆ ಬರುತ್ತದೆ, ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಹಚ್ಚುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಆ ತುರಿಕೆಗೆ ಕಾರಣವಾದ ಶಿಲೀಂಧ್ರದ ಸೋಂಕು, ಹುಳುಕಡ್ಡಿ, ಮೊದಲಿಗಿಂತ ಅಗಲವಾಗಿ ಏಳುತ್ತದೆ.

ಹೀಗೇಕೆ ಆಗುತ್ತದೆ ಎಂಬುದು ಟ್ಯೂಬಿನ ಹಿಂಬದಿಯಲ್ಲೇ ಬರೆದಿರುತ್ತದೆ. ಓದುವುದನ್ನು ಕಲಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತರ ಆಸುಪಾಸಿನ ಡೆಲಿವರಿ ಹುಡುಗ, ದಿನವಿಡೀ ಬಿಗಿ ಜೀನ್ಸ್‌ನಲ್ಲಿ ಬೈಕಿನ ಮೇಲಿರುತ್ತಾನೆ. ಎರಡೂ ತೊಡೆಸಂದಿನಲ್ಲಿ ಅಂಚು ಕೆಂಪಾಗಿ ಉಬ್ಬಿದ, ನಡುವೆ ತಿಳಿಯಾದ ವರ್ತುಲಗಳು. ಅವನ ಟ್ಯೂಬಿನ ಹಿಂದೆ ನಾಲ್ಕು ಹೆಸರುಗಳಿವೆ: ಕ್ಲೋಬೆಟಾಸೋಲ್, ಆಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್.

ಮೊದಲು ಹೆಸರುಗಳನ್ನು ಬಿಡಿಸಿ

ದೊಡ್ಡಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣಕ್ಷರಕ್ಕೆ ಬನ್ನಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಹೈಡ್ರೋಕಾರ್ಟಿಸೋನ್ ಹೀಗೆ ‘ಸೋನ್’ ಎಂದು ಕೊನೆಯಾಗುವ ಹೆಸರು ಕಂಡರೆ ಅದು ಸ್ಟೀರಾಯ್ಡ್. ಫ್ಲೂಸಿನೋಲೋನ್, ಟ್ರಯಾಮ್ಸಿನೋಲೋನ್ ಕೂಡ ಅದೇ ಕುಟುಂಬದವು. ಶಿಲೀಂಧ್ರದ ಔಷಧಿಗಳೆಂದರೆ ಕ್ಲೋಟ್ರಿಮಜೋಲ್, ಮೈಕೋನಜೋಲ್, ಕೀಟೋಕೋನಜೋಲ್, ಲುಲಿಕೋನಜೋಲ್, ಟರ್ಬಿನಾಫಿನ್.

ಎಡವುವ ಜಾಗ ಎರಡಿವೆ. ಕ್ಲೋಟ್ರಿಮಜೋಲ್ ಮತ್ತು ಕ್ಲೋಬೆಟಾಸೋಲ್ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಮೊದಲನೆಯದು ಶಿಲೀಂಧ್ರವನ್ನು ಕೊಲ್ಲುವ ಸಾಧು ಔಷಧಿ, ಎರಡನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲವಾದದ್ದು. ಇನ್ನು ಆರ್ನಿಡಜೋಲ್‌ಗೆ ‘ಅಜೋಲ್’ ಬಾಲವಿದ್ದರೂ ಹುಳುಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕೆಲವು ಬ್ಯಾಕ್ಟೀರಿಯಾ ಮತ್ತು ಅಮೀಬಾದಂಥವುಗಳ ಮದ್ದು. ಆಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾಕ್ಕೆ. ಅಂದರೆ ನಮ್ಮ ಹುಡುಗನ ನಾಲ್ಕು ಔಷಧಿಗಳಲ್ಲಿ ರೋಗಕ್ಕೆ ತಾಗುವುದು ಟರ್ಬಿನಾಫಿನ್ ಒಂದೇ. ಎರಡು ಸುಮ್ಮನೆ ಬಂದು ಕೂತಿವೆ. ಉಳಿದ ಕ್ಲೋಬೆಟಾಸೋಲ್ ರೋಗದ ಪರವಾಗಿ ಕೆಲಸ ಮಾಡುತ್ತಿದೆ.

ಅದು ಹೇಗೆಂದರೆ, ಹುಳುಕಡ್ಡಿಯ ಕೆಂಪು, ಉಬ್ಬು, ನವೆ ಎಲ್ಲವೂ ಶಿಲೀಂಧ್ರದ ವಿರುದ್ಧ ನಮ್ಮ ದೇಹ ನಡೆಸುವ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಹಚ್ಚಿದವನಿಗೆ ಗುಣವಾದಂತೆ ಅನ್ನಿಸುತ್ತದೆ. ಶಿಲೀಂಧ್ರ ಮಾತ್ರ ಯಾರ ತಡೆಯೂ ಇಲ್ಲದೆ ಹರಡುತ್ತಿರುತ್ತದೆ.

ಶೇಕಡಾವಾರು ನೋಡಿ ಬಲ ಅಳೆಯಬೇಡಿ

ಹೈಡ್ರೋಕಾರ್ಟಿಸೋನ್ ಟ್ಯೂಬಿನ ಮೇಲೆ ಶೇ 1 ಎಂದಿರುತ್ತದೆ, ಕ್ಲೋಬೆಟಾಸೋಲ್ ಮೇಲೆ ಶೇ 0.05. ಸಂಖ್ಯೆ ನೋಡಿದರೆ ಎರಡನೆಯದು ಇಪ್ಪತ್ತು ಪಾಲು ಸೌಮ್ಯ ಅನ್ನಿಸಬೇಕು. ನಿಜ ಪೂರ್ತಿ ಉಲ್ಟಾ: ಹೈಡ್ರೋಕಾರ್ಟಿಸೋನ್ ಬಲದ ಪಟ್ಟಿಯ ಕಟ್ಟಕಡೆಯಲ್ಲಿದೆ, ಕ್ಲೋಬೆಟಾಸೋಲ್ ತುತ್ತತುದಿಯಲ್ಲಿ. ಶೇಕಡಾವಾರನ್ನು ಒಂದೇ ಔಷಧಿಯ ಎರಡು ಟ್ಯೂಬುಗಳ ನಡುವೆ ಹೋಲಿಸಬಹುದೇ ಹೊರತು ಬೇರೆ ಬೇರೆ ಔಷಧಿಗಳ ನಡುವೆ ಅಲ್ಲ.

ಈ ಪಟ್ಟಿಗೆ ಆಧಾರವಾದ ಪರೀಕ್ಷೆ ಸೊಗಸಾಗಿದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬಿಬ್ಬರು ಪ್ರಕಟಿಸಿದ ವಿಧಾನವದು. ಸ್ಟೀರಾಯ್ಡ್ ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. ಆರೋಗ್ಯವಂತರ ಮುಂಗೈ ಮೇಲೆ ಔಷಧಿ ಹಚ್ಚಿ, ಮುಚ್ಚಿಟ್ಟು, ಮರುದಿನ ಯಾವುದು ಎಷ್ಟು ಬಿಳಿಚಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಇದರ ಜೊತೆಗೆ ರೋಗಿಗಳಲ್ಲಿ ಕಂಡ ಪರಿಣಾಮವನ್ನೂ ಸೇರಿಸಿ ಅಮೆರಿಕದಲ್ಲಿ ಏಳು ದರ್ಜೆ ಮಾಡಿದ್ದಾರೆ, ಒಂದು ಅತಿ ಪ್ರಬಲ, ಏಳು ಅತಿ ಸೌಮ್ಯ.

ಹಚ್ಚುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಹೈಡ್ರೋಕಾರ್ಟಿಸೋನ್ ಎಲ್ಲೆಲ್ಲಿ ಎಷ್ಟು ಒಳಗಿಳಿಯುತ್ತದೆ ಎಂದು ಅಳೆದರು. ಮುಂಗೈಗೆ ಹೋಲಿಸಿದರೆ ಹಣೆಯಲ್ಲಿ ಸುಮಾರು 6 ಪಟ್ಟು, ವೃಷಣದ ಚೀಲದ ಚರ್ಮದಲ್ಲಿ ಸುಮಾರು 42 ಪಟ್ಟು, ಅಂಗಾಲಿನಲ್ಲಿ ಮಾತ್ರ ಏಳನೇ ಒಂದು ಭಾಗ. ನಮ್ಮ ಹುಡುಗ ಅತಿ ಪ್ರಬಲ ಸ್ಟೀರಾಯ್ಡನ್ನು ಹಚ್ಚಿಕೊಂಡಿದ್ದು ದೇಹದ ಅತಿ ತೆಳು ಚರ್ಮದ ಮಗ್ಗುಲಲ್ಲಿ.

ಬಳಿಕ ನೋಡಬೇಕಾದ್ದು: ಕ್ರೀಮೋ, ಆಯಿಂಟ್‌ಮೆಂಟೋ, ಲೋಷನ್ನೋ?

ಕೌಂಟರಿನಲ್ಲಿ ಎಲ್ಲ ಟ್ಯೂಬುಗಳೂ ಆಯಿಂಟ್‌ಮೆಂಟೇ. ತಯಾರಿಸುವವರಿಗೆ ಹಾಗಲ್ಲ. ಔಷಧಿಯನ್ನು ಕಲೆಸಿದ ಆಧಾರವಸ್ತುವೇ ಅದರ ಬಲವನ್ನು ಏರಿಳಿಸುತ್ತದೆ. ಆಯಿಂಟ್‌ಮೆಂಟ್ ಎಂದರೆ ಪೆಟ್ರೋಲಿಯಂ ಜೆಲ್ಲಿಯಂಥ ಬರೀ ಜಿಡ್ಡು. ಅದು ಚರ್ಮದ ಮೇಲೆ ಪೊರೆಯಂತೆ ಕೂತು ತೇವ ಆರಿಹೋಗದಂತೆ ತಡೆಯುತ್ತದೆ. ತೇವವುಂಡ ಮೇಲ್ಪದರದ ಮೂಲಕ ಔಷಧಿ ಸಲೀಸಾಗಿ ಒಳಗಿಳಿಯುತ್ತದೆ. ಕ್ರೀಮ್‌ನಲ್ಲಿ ನೀರು ಮತ್ತು ಎಣ್ಣೆ ಬೆರೆತಿರುತ್ತವೆ. ಹರಡಲು ಸುಲಭ, ಬಟ್ಟೆಗೆ ಮೆತ್ತಿಕೊಳ್ಳುವುದಿಲ್ಲ, ಆದರೆ ಒಳಗಿಳಿಯುವುದು ಸಾಮಾನ್ಯವಾಗಿ ಕಡಿಮೆ. ನೀರಿರುವುದರಿಂದ ಕೆಡದಂತೆ ಸಂರಕ್ಷಕಗಳನ್ನೂ ಹಾಕಬೇಕು, ಕೆಲವರಿಗೆ ಅಲರ್ಜಿಯಾಗುವುದು ಔಷಧಿಯಿಂದಲ್ಲ, ಅವುಗಳಿಂದ. ಮೊಮೆಟಾಸೋನ್ ಶೇ 0.1 ಆಯಿಂಟ್‌ಮೆಂಟ್ ಆದರೆ ಎರಡನೇ ದರ್ಜೆ, ಕ್ರೀಮ್ ಆದರೆ ನಾಲ್ಕನೆಯದು. ಔಷಧಿ ಅದೇ, ಸಂಖ್ಯೆ ಅದೇ, ಬಲ ಬೇರೆ.

ಹಾಗಾದರೆ ಆರಿಸುವುದು ಹೇಗೆ? ಒಣಗಿ ದಪ್ಪಗಟ್ಟಿದ ಇಸುಬಿಗೆ, ಬಿರುಕು ಬಿಟ್ಟ ಅಂಗಾಲಿಗೆ ಆಯಿಂಟ್‌ಮೆಂಟ್. ರಸ ಸೋರುವ ಹಸಿ ಗಾಯದಂಥ ಜಾಗಕ್ಕೆ, ಬೆವರುವ ಸಂದುಗಳಿಗೆ ಕ್ರೀಮ್. ಕೂದಲಿರುವ ಕಡೆ ಲೋಷನ್ ಅಥವಾ ಜೆಲ್. ತೊಡೆಸಂದಿಗೆ ಜಿಡ್ಡು ಬಳಿದರೆ ಬೆವರು ಅದರಡಿ ಸಿಕ್ಕಿಕೊಂಡು ಚರ್ಮ ಇನ್ನಷ್ಟು ನೆನೆಯುತ್ತದೆ, ಶಿಲೀಂಧ್ರಕ್ಕೆ ಬೇಕಾದ್ದೂ ಅದೇ. ಚರ್ಮಕ್ಕೆ ಚರ್ಮ ಒತ್ತಿಕೊಳ್ಳುವ ಸಂದೇ ಒಂದು ಮುಚ್ಚಳದ ಹಾಗೆ, ಅಲ್ಲಿ ಕ್ರೀಮ್ ಕೂಡ ಹೆಚ್ಚು ಒಳಗಿಳಿಯುತ್ತದೆ. ಮಗುವಿನ ಡೈಪರ್ ಒಳಗೂ ಹೀಗೆಯೇ. ದೊಡ್ಡವರ ಬೀಟಾಮೆಥಾಸೋನ್ ಟ್ಯೂಬನ್ನು ಮಗುವಿನ ಪೃಷ್ಠಕ್ಕೆ ಹಚ್ಚಬಾರದೆನ್ನುವುದು ಅದಕ್ಕೇ.

ಎಷ್ಟು, ಎಲ್ಲಿಯವರೆಗೆ, ಎಷ್ಟು ದಿನ?

ವೈದ್ಯರು ನಮ್ಮ ಹುಡುಗನ ಟ್ಯೂಬನ್ನು ಬಿಡಿಸಿ, ಬರೀ ಶಿಲೀಂಧ್ರದ ಕ್ರೀಮ್ ಅನ್ನು ದಿನಕ್ಕೆರಡು ಸಲ ಹಚ್ಚಲು ಬರೆದುಕೊಟ್ಟರು ಎಂದುಕೊಳ್ಳಿ. ಅಳತೆಗೆ ತೋರುಬೆರಳೇ ಸಾಕು. ತುದಿಯಿಂದ ಮೊದಲ ಗೆರೆಯವರೆಗೆ ಕ್ರೀಮ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಆಗುತ್ತದೆ. ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಶಿಲೀಂಧ್ರ ಕಣ್ಣಿಗೆ ಬೀಳುವ ಮೊದಲೇ ಅಲ್ಲಿ ತಲುಪಿರುತ್ತದೆ.

ಅವನ ಎರಡೂ ಕಡೆಯದು ಸೇರಿ ನಾಲ್ಕು ಅಂಗೈಯಷ್ಟು ಜಾಗ. ಒಂದು ಸಲಕ್ಕೆ ಒಂದು ಗ್ರಾಂ, ದಿನಕ್ಕೆ ಎರಡು ಗ್ರಾಂ, ನಾಲ್ಕು ವಾರಕ್ಕೆ 56 ಗ್ರಾಂ. 15 ಗ್ರಾಮಿನ ನಾಲ್ಕು ಟ್ಯೂಬ್ ಬೇಕು. ಜನ ಒಂದು ತಂದು, ಅದನ್ನೂ ಅರ್ಧಕ್ಕೆ ಬಿಟ್ಟು, ‘ಔಷಧಿ ತಾಕಲಿಲ್ಲ’ ಎನ್ನುತ್ತಾರೆ. ಕಲೆ ಪೂರ್ತಿ ಹೋದ ಮೇಲೂ ಎರಡು ವಾರ ಹಚ್ಚಬೇಕು. ಸ್ಟೀರಾಯ್ಡ್ ಬಿಟ್ಟ ಮೊದಲ ಕೆಲವು ದಿನ ಕೆಂಪು, ನವೆ ಹೆಚ್ಚುತ್ತವೆ. ಅದುಮಿಟ್ಟಿದ್ದ ಉರಿಯೂತ ಮರಳಿದ್ದರಿಂದ ಹಾಗಾಗುತ್ತದೆ, ಹೊಸ ಔಷಧಿಯ ತಪ್ಪಲ್ಲ. ಬಹಳ ಮಂದಿ ಹಳೆಯ ಟ್ಯೂಬಿಗೆ ಮರಳುವುದು ಈ ದಿನಗಳಲ್ಲೇ. ಇದನ್ನು ಮೊದಲೇ ತಿಳಿದಿದ್ದರೆ ತಡೆದುಕೊಳ್ಳಬಹುದು. ಆದರೆ ಅಗಲ ಜಾಗಕ್ಕೆ ತಿಂಗಳುಗಟ್ಟಲೆ ಕ್ಲೋಬೆಟಾಸೋಲ್ ಹಚ್ಚಿದವರು ತಾವಾಗಿಯೇ ಬಿಡದೆ ವೈದ್ಯರನ್ನು ಕೇಳಬೇಕು. ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಕೆ ಕುಗ್ಗಿರಬಹುದು. ಆ ಔಷಧಿಗೆ ಸಾಮಾನ್ಯ ಮಿತಿ ಸತತ ಎರಡು ವಾರ, ವಾರಕ್ಕೆ 50 ಗ್ರಾಂ.

ಕ್ರೀಮ್‌ಗೂ ಮಿತಿಯಿದೆ. ಹಲವು ಕಡೆ ಹರಡಿದ್ದರೆ, ತಲೆ ಅಥವಾ ಉಗುರಿಗೆ ಹತ್ತಿದ್ದರೆ ಮಾತ್ರೆ ಬೇಕಾಗುತ್ತದೆ. ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರವೂ ನಮ್ಮಲ್ಲಿ ವ್ಯಾಪಕವಾಗಿದೆ. ಭಾರತ ಮತ್ತು ನೇಪಾಳದ ರೋಗಿಗಳಿಂದ ಜಪಾನಿನಲ್ಲಿ ಸಿಕ್ಕ ಮಾದರಿಗಳ ಆಧಾರದ ಮೇಲೆ 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಕೊನೆಗೂ ನಮ್ಮ ಹೆಸರು ಸಿಕ್ಕಿದ್ದು ಇಂಥದ್ದಕ್ಕೆ!

ಮುಖದ ಟ್ಯೂಬಿನ ಮಾತು ಬೇರೆ

ಬೆಳ್ಳಗಾಗಲು ಅಕ್ಕಪಕ್ಕದವರು ಹೇಳಿಕೊಡುವ ಕ್ರೀಮ್‌ಗಳಲ್ಲೂ ಹಿಂಬದಿ ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಒಟ್ಟಿಗಿದ್ದರೆ ಅದು ಬಂಗಿಗೆ ವೈದ್ಯರು ಅಲ್ಪಕಾಲಕ್ಕೆ ಬರೆಯುವ ಔಷಧಿ, ದಿನನಿತ್ಯದ ಸ್ನೋ ಅಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಒಂದು ದಿನ ಬಿಟ್ಟರೂ ಉರಿ.

ಮೊಡವೆಗೆ ಕೊಡುವ ಅಡಪಲೀನ್, ಟ್ರೆಟಿನಾಯಿನ್ ರೆಟಿನಾಯ್ಡ್‌ಗಳು, ಸ್ಟೀರಾಯ್ಡ್‌ಗಳಲ್ಲ. ಇವುಗಳ ಗೋಳು ತದ್ವಿರುದ್ಧ: ಮೊದಲ ಎರಡು ಮೂರು ವಾರ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಹಚ್ಚಬೇಕು. ಮೊಡವೆಯ ಮೇಲೆ ಚುಕ್ಕಿ ಇಡುವುದಲ್ಲ. ಶುರುವಿನಲ್ಲಿ ದಿನ ಬಿಟ್ಟು ದಿನ ಸಾಕು. ಇಲ್ಲೂ ಆಧಾರವಸ್ತು ನೋಡಿ: ಎಣ್ಣೆ ಚರ್ಮದವರಿಗೆ ಜೆಲ್, ಒಣ ಚರ್ಮದವರಿಗೆ ಕ್ರೀಮ್. ಬಸುರಿಯರು, ಗರ್ಭಕ್ಕೆ ತಯಾರಿ ನಡೆಸಿರುವವರು ರೆಟಿನಾಯ್ಡ್ ಹಚ್ಚಬಾರದು.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ತೊಡೆಯಲ್ಲಿ ಹೆರಿಗೆಯ ಗೆರೆಗಳಂಥ ಕೆನ್ನೇರಳೆ ಪಟ್ಟಿಗಳು ಕಂಡರೆ ಅದು ಸ್ಟೀರಾಯ್ಡ್‌ನ ಗುರುತು. ಬಣ್ಣ ಮಾಸಬಹುದು, ಗೆರೆ ಹೋಗುವುದಿಲ್ಲ. ವರ್ತುಲದೊಳಗೆ ಇನ್ನೊಂದು ವರ್ತುಲ ಕಂಡರೆ ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ ಎಂದು ಅನುಮಾನಿಸಬೇಕು. ಕೆಲವೊಮ್ಮೆ ಅಂಚೇ ಅಳಿಸಿಹೋಗಿ ಇಸುಬಿನಂತೆ ಕಾಣುತ್ತದೆ, ವೈದ್ಯರ ಕಣ್ಣನ್ನೂ ತಪ್ಪಿಸುತ್ತದೆ. ಆಗ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮದ ಕೋಶಗಳು ಕರಗಿ ಶಿಲೀಂಧ್ರದ ಎಳೆಗಳು ಕಾಣುತ್ತವೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನಲ್ಲಿ ಸಿಗುತ್ತವೆ ಎಂಬುದು ಗುಟ್ಟೇನಲ್ಲ. ಚರ್ಮವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಹಳೆಯ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಶಿಲೀಂಧ್ರದ ಕ್ರೀಮ್ ಹಚ್ಚುತ್ತಿದ್ದರೆ ಎಳೆಗಳು ಕಾಣದೆ ಪರೀಕ್ಷೆ ಸುಳ್ಳು ಹೇಳಬಹುದು, ಹಾಗಾಗಿ ಕೊನೆಯ ಸಲ ಯಾವುದನ್ನು ಯಾವ ದಿನ ಹಚ್ಚಿದಿರಿ ಎಂಬುದನ್ನೂ ಮೊದಲೇ ಹೇಳಿ.