14 ಪುಟದ ಬಯೋಡೇಟಾ, 4 ನಿಮಿಷದ ಪರಿಚಯ

ನಮ್ಮ ಎಂಜಿನಿಯರ್‌ಗಳ ಸಂಘದ ಔತಣಕೂಟದಲ್ಲಿ ಜೀವಮಾನ ಸಾಧನೆ ಪ್ರಶಸ್ತಿ ಪಡೆಯುವವರನ್ನು ಪರಿಚಯಿಸುವ ಕೆಲಸ ನನಗೆ ಬಂತು. ಅವರು ಸೇತುವೆ ಎಂಜಿನಿಯರ್. 38 ವರ್ಷದ ಕೆಲಸ, 14 ಪುಟದ ಬಯೋಡೇಟಾ. ನನಗಿದ್ದದ್ದು 4 ನಿಮಿಷ.

ಮೊದಲ ಕರಡನ್ನು ಇಸವಿಯ ಪ್ರಕಾರ ಬರೆದೆ. ಗಟ್ಟಿಯಾಗಿ ಓದಿದರೆ 9 ನಿಮಿಷ ಆಯಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಎರಡು ಪ್ಯಾರಾ ಹಿಂದೆ ಮುಂದೆ ಮಾಡಿದರೂ ಏನೂ ಕೆಡುತ್ತಿರಲಿಲ್ಲ. ಬರೆದಿದ್ದು ಬರೀ ಪಟ್ಟಿ ಅಂತ ಆಗ ಗೊತ್ತಾಯಿತು.

ಅವರಿಗೇ ಫೋನ್ ಮಾಡಿದೆ. ‘ಮೇಡಂ, ಕೆಲಸಕ್ಕೆ ಸೇರಿದ ಹೊಸದರಲ್ಲಿ ತಲೆಗೆ ಹತ್ತಿಕೊಂಡ ವಿಷಯ ಯಾವುದು?’ ಅಂತ ಕೇಳಿದೆ.

‘ನೀರು ಕಣ್ರೀ’ ಅಂದರು. ಮೊದಲ ವರ್ಷ ಹಳೇ ಸೇತುವೆಗಳ ತಪಾಸಣೆ ಅವರ ಕೆಲಸ. ಸೇತುವೆಯ ಎರಡು ಭಾಗ ಕಂಬದ ಮೇಲೆ ಸೇರುವ ಕಡೆ, ಬಿಸಿಲಿಗೆ ಹಿಗ್ಗಲು ಬಿಟ್ಟ ಸಂದು, ಅಂದರೆ ಜಾಯಿಂಟ್ ಇರುತ್ತದಲ್ಲ, ಅದರ ಕೆಳಗೆ ಕಂಬದ ತಲೆಯ ಮೇಲೆ ತುಕ್ಕಿನ ಕಂದು ಗೆರೆ ಇಳಿದಿತ್ತಂತೆ. ಮಳೆನೀರು ಜಾಯಿಂಟಿನಿಂದ ಸೋರಿ, ಕಂಬದ ಮೇಲೆ ಸೇತುವೆ ಕೂರುವ ಬೇರಿಂಗನ್ನೂ ಸೇತುವೆ ಹೊರುವ ತೊಲೆಯಾದ ಗರ್ಡರಿನ ತುದಿಯನ್ನೂ ತಿನ್ನುತ್ತಿತ್ತು.

ಆಮೇಲೆ ಬಯೋಡೇಟಾದ ಒಂದೊಂದು ಸಾಲನ್ನೂ ಚೀಟಿಯಲ್ಲಿ ಬರೆದು, ‘ಇದಕ್ಕೂ ಆ ಸೋರುವ ನೀರಿಗೂ ಸಂಬಂಧ ಇದೆಯಾ?’ ಅಂತ ಕೇಳುತ್ತಾ ಹೋದೆ. ಮೂರು ಗುಂಪು ತಾನಾಗೇ ಬಿದ್ದವು. ಮೊದಲ ವರ್ಷಗಳಲ್ಲಿ ಸೋರಿಕೆಗೆ ರಿಪೇರಿ. ಆಮೇಲೆ, ಸಣ್ಣ ಸೇತುವೆಗಳಿಗೆ ಜಾಯಿಂಟೇ ಯಾಕೆ ಬೇಕು ಅಂತ ವಾಹನ ಓಡುವ ಡೆಕ್ಕನ್ನೂ ಎರಡು ತುದಿಯ ಗೋಡೆಗಳನ್ನೂ ಒಂದಾಗಿ ಕಟ್ಟಿದ ವಿನ್ಯಾಸಗಳು. ಕೊನೆಗೆ, ಅದನ್ನು ಬೇರೆಯವರೂ ಕಟ್ಟಲಿ ಅಂತ ಬರೆದ ಕೈಪಿಡಿ, ಕೊಟ್ಟ ತರಬೇತಿ. ಈಗ ಇವನ್ನು ಅದಲುಬದಲು ಮಾಡಲು ಆಗುತ್ತಿರಲಿಲ್ಲ. ಒಂದರ ಕೊರತೆಯಿಂದಲೇ ಇನ್ನೊಂದು ಹುಟ್ಟಿತ್ತು.

ಕಷ್ಟ ಆಗಿದ್ದು ಬಿಡುವುದರಲ್ಲಿ. ಅವರು ಕಟ್ಟಿದ ಅತಿ ಉದ್ದದ ಸೇತುವೆ ಈ ಎಳೆಗೆ ಸೇರಲಿಲ್ಲ. ಅಷ್ಟು ಉದ್ದದ ಸೇತುವೆ ಬಿಸಿಲಿಗೆ ತುಂಬಾ ಹಿಗ್ಗುತ್ತದೆ, ಜಾಯಿಂಟ್ ಇಲ್ಲದೆ ಆಗುವುದಿಲ್ಲ. ಸಂಘದ ಅಧ್ಯಕ್ಷರಾಗಿದ್ದ ವರ್ಷಗಳೂ ಸೇರಲಿಲ್ಲ. ಎರಡನ್ನೂ ಆಹ್ವಾನ ಪತ್ರಿಕೆಯ ಒಳಪುಟಕ್ಕೆ ಹಾಕಿಸಿದೆ. ಸುಮ್ನೆ ಕೈಬಿಟ್ಟಿದ್ದರೆ ಜೊತೆಗೆ ದುಡಿದವರಿಗೆ ನೋವಾಗುತ್ತಿತ್ತು.

ಇನ್ನೊಂದು ಕರೆ ಮಾಡಿದ್ದು ಒಳ್ಳೆಯದಾಯಿತು. ‘ನಿಮ್ಮ ಭಾಷಣದಲ್ಲಿ ಏನು ಹೇಳ್ತೀರಿ?’ ಅಂತ ಕೇಳಿದೆ. ಜಾಯಿಂಟ್ ಇಲ್ಲದ ಮೊದಲ ಸೇತುವೆಗೆ ಒಪ್ಪಿಗೆ ಸಿಕ್ಕಿದ ಕಥೆಯನ್ನು ತಾವೇ ಹೇಳಬೇಕು ಅಂದುಕೊಂಡಿದ್ದರು. ನಾನು ಬರೆದಿದ್ದ ಅದೇ ಕಥೆಯನ್ನು ತೆಗೆದುಬಿಟ್ಟೆ. ಇಸವಿಗಳನ್ನು ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಿದಾಗ ಒಂದು ತಪ್ಪೂ ಸಿಕ್ಕಿತು.

ಆ ಸಂಜೆ ಕಂದು ಗೆರೆಯಿಂದಲೇ ಶುರು ಮಾಡಿದೆ. ಹೆಸರನ್ನು ಕೊನೆಗೆ ಇಟ್ಟುಕೊಂಡೆ. ಅವರು ಮೈಕ್ ಹಿಡಿದು, ‘ಆ ಗೆರೆಯ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ’ ಅಂತ ಮಾತು ಶುರು ಮಾಡಿದರು.