ಎಣ್ಣೆ ಬಾಟಲಿಯ ಸುತ್ತ ಎಷ್ಟು ಜಾಗ ಬಿಡಬೇಕು?

ಚಳ್ಳಕೆರೆ ಕಡೆಯ ಗಾಣದವರೊಬ್ಬರಿಗೆ ಶೇಂಗಾ ಎಣ್ಣೆ ಬಾಟಲಿಯ ಫೋಟೋ ತೆಗೆದುಕೊಟ್ಟಿದ್ದೆ. ಫ್ರೇಮ್ ತುಂಬ ಬಾಟಲಿ. ವೆಬ್‌ಸೈಟ್ ಬ್ಯಾನರ್‌ಗೆ ಹಾಕಿದರೆ ಮುಚ್ಚಳವೇ ಕತ್ತರಿಸಿ ಹೋಯಿತು. ಇನ್‌ಸ್ಟಾಗ್ರಾಂ ಸ್ಟೋರಿ ಜಾಹೀರಾತಿನಲ್ಲಿ ಬೆಲೆ ಕೆಳಗಿನ ಬಟನ್ ಹಿಂದೆ ಸೇರಿಕೊಂಡಿತು. ಮತ್ತೆ ಶೂಟ್ ಮಾಡಬೇಕಾಯಿತು.

ಎರಡನೇ ಸಲ ಮೊದಲು ಅಳತೆ ಹಾಕಿದೆ, ಆಮೇಲೆ ಕ್ಯಾಮೆರಾ ಹಿಡಿದೆ. ನನ್ನ ಕ್ಯಾಮೆರಾದ ಅಡ್ಡ ಫೋಟೋ 6000 × 4000 ಪಿಕ್ಸೆಲ್. ಅವರ ಬ್ಯಾನರ್ 3:1. ಪೂರ್ತಿ ಅಗಲ ಬಳಸಿದರೆ ಎತ್ತರ 2000 ಸಿಗುತ್ತದೆ. ಸ್ಟೋರಿ 9:16. ಪೂರ್ತಿ ಎತ್ತರ ಬಳಸಿದರೆ ಅಗಲ 2250. ಈ ಅಡ್ಡ ಪಟ್ಟಿ, ಉದ್ದ ಪಟ್ಟಿ ಎರಡೂ ಸೇರುವ ನಡುವಿನ ಜಾಗ 2250 × 2000. ಕತ್ತರಿಸಿ ಹೋಗಬಾರದ್ದೆಲ್ಲ ಅದರೊಳಗೇ ಇರಬೇಕು. ಥಂಬ್‌ನೇಲ್‌ಗೆ ಬೇಕಾದ ಚೌಕವನ್ನೂ ಅಲ್ಲಿಂದಲೇ 2000 × 2000 ಆಗಿ ಕತ್ತರಿಸುತ್ತೇನೆ. ಮೇಲೆ 200, ಕೆಳಗೆ 200 ಬಿಟ್ಟೆ. ಬಾಟಲಿಗೆ 1600 ಉಳಿಯಿತು.

ಲ್ಯಾಪ್‌ಟಾಪ್ ಪರದೆಯ ಮೇಲೆ ಈ ಗೆರೆಗಳಿಗೆ ಸರಿಯಾಗಿ ಪೇಪರ್ ಟೇಪ್ ಅಂಟಿಸಿ ಶೂಟ್ ಮಾಡಿದೆ. ಗಾಣದ ಯಜಮಾನರು ನೋಡಿ, "ಏನ್ ಮೇಡಂ, ಬಾಟ್ಲಿ ಇಷ್ಟು ಸಣ್ಣದಾಯ್ತಲ್ಲ?" ಅಂದರು. ಚೌಕ ಕತ್ತರಿಸಿ ಅವರ ಫೋನಿಗೇ ಕಳಿಸಿದೆ. ಅದರಲ್ಲಿ ಬಾಟಲಿ ಎತ್ತರದ ಹತ್ತರಲ್ಲಿ ಎಂಟು ಪಾಲು ತುಂಬಿತ್ತು. ಲೇಬಲ್ ಓದಲು ಬರುತ್ತಿತ್ತು.

ಬಾಟಲಿ ಪಕ್ಕದ ಶೇಂಗಾ ರಾಶಿ ಮೊದಲು ಚೌಕದ ಗೆರೆಯ ಮೇಲೇ ಬಿದ್ದಿತ್ತು. ಹಾಗಾದರೆ ಥಂಬ್‌ನೇಲ್‌ನಲ್ಲಿ ಅರ್ಧ ಕಾಯಿ ಕಾಣುತ್ತದೆ, ಅಲ್ವಾ? ಪೂರ್ತಿ ಒಳಗೆ ಸರಿಸಿದೆ.

ಸ್ಟೋರಿ ಜಾಹೀರಾತಿಗೆ 1920 ಎತ್ತರದಲ್ಲಿ ಮೇಲೆ 250, ಕೆಳಗೆ 340 ಪಿಕ್ಸೆಲ್ ಖಾಲಿ ಬಿಡುತ್ತೇನೆ. ನಮ್ಮ 4000 ಎತ್ತರಕ್ಕೆ ಅದು ಸುಮಾರು 520 ಮತ್ತು 710. ನಡುವಿನ ಜಾಗ ಶುರುವಾಗುವುದು 1000ದಲ್ಲಿ. ಹಾಗಾಗಿ ಮೇಲೆ 520ರಿಂದ 1000ದವರೆಗೆ ಹೆಸರು, ಬೆಲೆ ಆರಾಮಾಗಿ ಕೂರುತ್ತವೆ. ಕೆಳಗೆ ಉಳಿಯುವ ಪಟ್ಟಿ ತೀರಾ ಕಿರಿದು. ಅಲ್ಲಿ ಏನೂ ಬರೆಯುವುದಿಲ್ಲ.

ಅಕ್ಷರಗಳನ್ನು ಫೋಟೋದೊಳಗೆ ಸೇರಿಸದೆ ಬೇರೆ ಲೇಯರ್‌ನಲ್ಲೇ ಇಡುತ್ತೇನೆ. ಬ್ಯಾನರ್‌ನಲ್ಲಿ ಅವು ಬಾಟಲಿಯ ಎಡಕ್ಕೆ ಹೋಗುತ್ತವೆ, ಥಂಬ್‌ನೇಲ್‌ನಲ್ಲಿ ಇರುವುದೇ ಇಲ್ಲ. ಕನ್ನಡಕ್ಕೆ ಇನ್ನೊಂದು ಎಚ್ಚರಿಕೆ ಬೇಕು. "ಎಣ್ಣೆ" ಅಂತ ಬರೆದರೆ ಣಕಾರದ ಒತ್ತು ಸಾಲಿನಿಂದ ಕೆಳಗೆ ಇಳಿಯುತ್ತದೆ. ಅಂಚನ್ನು ಅಕ್ಷರದ ಬುಡದಿಂದ ಅಳೆದರೆ ಒತ್ತು ಅಂಚಿಗೆ ತಾಗುತ್ತದೆ. ನಾನು ಒತ್ತಿನ ತುದಿಯಿಂದಲೇ ಅಳೆಯುತ್ತೇನೆ.

ಬ್ಯಾನರ್ 4:1 ಆದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಎತ್ತರ 1500 ಮಾತ್ರ, ಬಾಟಲಿ 1600. ಅಂಥ ಕಡೆ ಎಡ, ಬಲಕ್ಕೆ ಹಿನ್ನೆಲೆಯನ್ನು ಎಳೆದು ಅಗಲ ಮಾಡುತ್ತೇನೆ. ಅದಕ್ಕೇ ಈಗ ಮರದ ಮೇಜು ಬಿಟ್ಟು ಒಂದೇ ಬಣ್ಣದ ಕಾಗದ ಹಾಸುತ್ತೇನೆ. ಮರದ ಗೆರೆಗಳನ್ನು ಎಳೆದರೆ ಕೂಡಿಸಿದ ಜಾಗ ಎದ್ದು ಕಾಣುತ್ತದೆ.